ಕೆಂಡದ ಮೇಲಿನ ಮಾಂಸ: ಹೊಗೆಯ ಕೆಡುಕು, ಕಾವಿನ ಕೆಡುಕು



ಭೀಮಾ ತೀರದ ಮಣ್ಣೂರಿನಲ್ಲಿಯೂ, ಅಫಜಲಪುರ, ಆಳಂದ, ಜೇವರ್ಗಿ ಸೀಮೆಯ ಇತರ ಹಳ್ಳಿಗಳಲ್ಲಿಯೂ ಮಾಂಸಾಹಾರ ಮಾಡುವ ಮನೆಗಳಲ್ಲಿ ಹೆಚ್ಚಿನ ಅಡಿಗೆ ಸಾರಿನದೇ. ಖಂಡವನ್ನು ನೀರಿನಲ್ಲಿ ಬೇಯಿಸಿ, ಮಸಾಲೆ ಅರೆದು ಹಾಕಿ, ಜೋಳದ ರೊಟ್ಟಿಯೊಡನೆ ಉಣ್ಣುವುದು ರೂಢಿ. ಆದರೆ ಕೆಲವು ಸಂದರ್ಭಗಳಲ್ಲಿ ಮಾಂಸವು ನೇರವಾಗಿ ಬೆಂಕಿಯನ್ನು ಕಾಣುತ್ತದೆ. ಕುರಿ ಕಡಿದ ದಿನ ತಲೆಕಾಲುಗಳ ಕೂದಲನ್ನು ಉರಿಯಲ್ಲಿ ಸುಡುತ್ತಾರೆ. ಹೊಳೆಯ ಮೀನನ್ನೋ ಒಣಗಿಸಿದ ಖಂಡವನ್ನೋ ಕೆಂಡದ ಮೇಲೆ ಇಡುತ್ತಾರೆ. ಹೊಲದಲ್ಲಿ ಗೆಳೆಯರು ಕೂಡಿದಾಗ ಕೋಳಿಯನ್ನು ಕಂಬಿಗೆ ಚುಚ್ಚಿ ಸುಡುತ್ತಾರೆ. ಪೇಟೆಗೆ ಹೋದವರು ಕಬಾಬು ಕಟ್ಟಿಸಿಕೊಂಡು ಬರುತ್ತಾರೆ. ಇಂದು ನಾನು ತಮ್ಮ ಮುಂದೆ ಹೇಳಬಯಸುವುದು ಈ ಸುಟ್ಟ ಮಾಂಸದ ವಿಷಯವನ್ನು.

ಮಾಂಸವನ್ನು ಬಿಡಿರೆಂದು ಹೇಳುವುದು ನನ್ನ ಉದ್ದೇಶವಲ್ಲ. ಸುಡುವುದನ್ನು ಸಂಪೂರ್ಣವಾಗಿ ಬಿಡಿರೆಂದೂ ಹೇಳುವುದಿಲ್ಲ. ಸುಡುವಾಗ ಹುಟ್ಟುವ ಕೆಡುಕು ಯಾವುದು, ಅದು ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿದರೆ, ಅದರ ಬಹುಭಾಗವನ್ನು ಖರ್ಚಿಲ್ಲದೆ ತಡೆಯಬಹುದು. ಅಷ್ಟನ್ನು ವಿವರಿಸುವುದೇ ಈ ಭಾಷಣದ ಗುರಿ.

ಎರಡು ಬಗೆಯ ಕೆಡುಕು

ಸುಟ್ಟ ಮಾಂಸದಲ್ಲಿ ಎರಡು ಬೇರೆ ಬೇರೆ ಕೆಡುಕುಗಳಿವೆ. ಒಂದು ಹೊಗೆಯಿಂದ ಬಂದು ಮಾಂಸದ ಮೇಲೆ ಕೂರುತ್ತದೆ. ಇನ್ನೊಂದು ಅತಿಯಾದ ಕಾವಿನಿಂದ ಮಾಂಸದಲ್ಲಿಯೇ ಹುಟ್ಟುತ್ತದೆ. ಇವುಗಳನ್ನು ಬೇರೆಬೇರೆಯಾಗಿ ತಿಳಿಯಬೇಕು. ಏಕೆಂದರೆ ಒಂದಕ್ಕೆ ಮಾಡುವ ಉಪಾಯ ಇನ್ನೊಂದಕ್ಕೆ ಸಾಲದು.

ಮೊದಲು ಹೊಗೆಯ ಕೆಡುಕನ್ನು ನೋಡೋಣ. ಮಾಂಸ ಕಾದಂತೆ ಅದರ ಕೊಬ್ಬು ಕರಗಿ ಹನಿಹನಿಯಾಗಿ ಕೆಂಡದ ಮೇಲೆ ಬೀಳುತ್ತದೆ. ಆಗ ಚುರ್ ಎಂಬ ಸದ್ದಾಗಿ ದಟ್ಟವಾದ ಹೊಗೆ ಏಳುತ್ತದೆ, ಕೆಲವೊಮ್ಮೆ ಉರಿಯೇ ಏಳುತ್ತದೆ. ಪೂರ್ತಿ ಉರಿಯದ ಆ ಕೊಬ್ಬಿನ ಹೊಗೆಯಲ್ಲಿ ಬೆಂಜೊಪೈರೀನ್ ಮತ್ತು ಅದರ ಬಳಗದ ಪದಾರ್ಥಗಳಿರುತ್ತವೆ. ಹೊಗೆ ಮೇಲಕ್ಕೇರುವಾಗ ಅವು ಮಾಂಸಕ್ಕೆ ಅಂಟಿಕೊಳ್ಳುತ್ತವೆ. ಹಸಿ ಕಟ್ಟಿಗೆಯ ಹೊಗೆಯಿಂದಲೂ, ಎದ್ದು ನೆಕ್ಕುವ ಉರಿಯಿಂದಲೂ ಇದೇ ಬಗೆಯ ಮಸಿ ಮಾಂಸದ ಮೇಲೆ ಕೂರುತ್ತದೆ.

ಮಸಿಗೂ ಅರ್ಬುದ ರೋಗಕ್ಕೂ, ಅಂದರೆ ಜನರು ಕ್ಯಾನ್ಸರ್ ಎಂದು ಕರೆಯುವ ರೋಗಕ್ಕೂ, ಇರುವ ಸಂಬಂಧ ಹೊಸದಾಗಿ ಕಂಡದ್ದಲ್ಲ. 1775ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಎಂಬಾತನು, ಚಿಕ್ಕಂದಿನಿಂದ ಮನೆಗಳ ಹೊಗೆಗೂಡುಗಳನ್ನು ಗುಡಿಸುತ್ತಿದ್ದವರಿಗೆ ಚರ್ಮದ ಅರ್ಬುದ ಬರುವುದನ್ನು ಗುರುತಿಸಿ, ಅದಕ್ಕೆ ಮಸಿಯೇ ಕಾರಣವೆಂದು ಬರೆದನು. 1933ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಕಲ್ಲಿದ್ದಲ ಡಾಂಬರಿನಿಂದ ಬೆಂಜೊಪೈರೀನನ್ನು ಬೇರ್ಪಡಿಸಿದರು. 1964ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಇದ್ದಿಲ ಕೆಂಡದ ಮೇಲೆ ಸುಟ್ಟ ಮಾಂಸದಲ್ಲಿಯೂ ಅದೇ ಪದಾರ್ಥವನ್ನು ಕಂಡರು. ಅವರು ಅಳೆದದ್ದು ಒಂದು ಕಿಲೋ ಮಾಂಸದಲ್ಲಿ ಸುಮಾರು 8 ಮೈಕ್ರೋಗ್ರಾಂ. ಒಂದು ಗ್ರಾಮನ್ನು 10 ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರೋಗ್ರಾಂ. ಪ್ರಮಾಣ ಬಹು ಅಲ್ಪ. ಒಮ್ಮೆ ತಿಂದವರಿಗೆ ಏನೂ ಆಗುವುದಿಲ್ಲ. ಆದರೆ ಬೆಂಜೊಪೈರೀನ್ ಮನುಷ್ಯರಲ್ಲಿ ಅರ್ಬುದವನ್ನು ಉಂಟುಮಾಡುವ ಪದಾರ್ಥವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಮಂಡಲಿಯು ನಿರ್ಣಯಿಸಿದೆ. ಆದುದರಿಂದ ವರ್ಷಗಟ್ಟಲೆ ಮತ್ತೆ ಮತ್ತೆ ದೇಹಕ್ಕೆ ಸೇರುವುದನ್ನು ಕಡಿಮೆ ಮಾಡುವುದು ವಿವೇಕ.

ಎರಡನೆಯದು ಕಾವಿನ ಕೆಡುಕು. ಕುರಿ, ಕೋಳಿ, ಮೀನು ಯಾವುದೇ ಇರಲಿ, ಅದರ ಮಾಂಸಖಂಡದಲ್ಲಿ ಕ್ರಿಯಾಟಿನ್ ಎಂಬ ಒಂದು ಪದಾರ್ಥವು ಸ್ವಭಾವತಃ ಇರುತ್ತದೆ. ಅದು ಮಾಂಸರಸದ ಇತರ ಅಂಶಗಳೊಡನೆ ಸೇರಿ ತೀವ್ರವಾಗಿ ಕಾದಾಗ, ಹೆಟೆರೊಸೈಕ್ಲಿಕ್ ಅಮೈನ್ ಎಂಬ ಹೊಸ ಪದಾರ್ಥಗಳು ಹುಟ್ಟುತ್ತವೆ. ನೀರು ಕುದಿಯುವುದು 100 ಡಿಗ್ರಿಯಲ್ಲಿ. ಆ ಕಾವಿನಲ್ಲಿ ಇವು ಹುಟ್ಟುವುದು ತೀರ ಕಡಿಮೆ. 150 ಡಿಗ್ರಿ ದಾಟಿದಂತೆ ಹೆಚ್ಚುತ್ತವೆ. 200 ದಾಟಿದರೆ ಬಲು ಬೇಗ ಹೆಚ್ಚುತ್ತವೆ. ಕೆಂಡದ ಮೇಲಾಗಲಿ, ಚೆನ್ನಾಗಿ ಕಾದ ಹಂಚಿನ ಮೇಲಾಗಲಿ ಮಾಂಸದ ಮೇಲ್ಮೈ ಈ ಕಾವನ್ನು ಸುಲಭವಾಗಿ ಮುಟ್ಟುತ್ತದೆ. 1977ರ ಸುಮಾರಿಗೆ ಜಪಾನಿನ ತಕಾಶಿ ಸುಗಿಮುರಾ ಮತ್ತು ಅವರ ಸಂಗಡಿಗರು ಸುಟ್ಟ ಮೀನು ಮತ್ತು ಮಾಂಸದ ಕರಕಲನ್ನು ಪರೀಕ್ಷಿಸಿ, ಅದು ಸೂಕ್ಷ್ಮಜೀವಿಗಳ ವಂಶವಾಹಿಯನ್ನು ಕೆಡಿಸುವುದೆಂದು ತೋರಿಸಿದರು. ಇಂತಹ ಪದಾರ್ಥಗಳನ್ನು ಹೆಚ್ಚಿನ ಪ್ರಮಾಣದಲ್ಲಿ ತಿನ್ನಿಸಿದಾಗ ಇಲಿಗಳಲ್ಲಿ ಅರ್ಬುದ ಉಂಟಾದುದು ಮುಂದೆ ಕಂಡುಬಂದಿತು.

ಈಗ ಒಂದು ಸಂಗತಿ ತಮಗೆ ಹೊಳೆದಿರಬಹುದು. ನಮ್ಮ ಖಂಡದ ಸಾರು ನೀರಿನಲ್ಲಿ ಕುದಿಯುವ ಅಡಿಗೆ. ಅದರ ಕಾವು 100 ಡಿಗ್ರಿಯ ಆಚೆ ಹೋಗುವುದಿಲ್ಲ; ಕೊಬ್ಬು ಬೆಂಕಿಗೆ ಬೀಳುವುದಿಲ್ಲ. ಆದಕಾರಣ ಈ ಎರಡು ಕೆಡುಕುಗಳ ದೃಷ್ಟಿಯಿಂದ ಸಾರು ನಿರಪಾಯವಾದ ಅಡಿಗೆ. ಸುಡುವ ಪದ್ಧತಿಯನ್ನು ಸುಧಾರಿಸುವುದೆಂದರೆ ಅದನ್ನು ಸಾಧ್ಯವಾದಷ್ಟು ಸಾರಿನ ಹತ್ತಿರಕ್ಕೆ ತರುವುದೆಂದೇ ತಿಳಿಯಿರಿ.

ಒಂದು ಕಿಲೋ ಖಂಡ ಸುಡುವ ಕ್ರಮ

ಇದನ್ನು ಒಂದು ಉದಾಹರಣೆಯಿಂದ ಕ್ರಮವಾಗಿ ನೋಡೋಣ. ಮನೆಯಲ್ಲಿ ಒಂದು ಕಿಲೋ ಕುರಿಯ ಖಂಡವಿದೆ. ಸಂಜೆ ಅದನ್ನು ಕೆಂಡದ ಮೇಲೆ ಸುಡಬೇಕೆಂದು ಗಂಡಹೆಂಡಿರು ಎಣಿಸಿದ್ದಾರೆ ಎಂದಿಟ್ಟುಕೊಳ್ಳಿ.

ಮೊದಲನೆಯದಾಗಿ, ಕಣ್ಣಿಗೆ ಕಾಣುವ ಕೊಬ್ಬನ್ನು ಕತ್ತರಿಸಿ ತೆಗೆದಿಡಬೇಕು. ಅದನ್ನು ಎಸೆಯಬೇಕಾಗಿಲ್ಲ, ಸಾರಿಗೆ ಹಾಕಬಹುದು. ಬೆಂಕಿಗೆ ಬೀಳುವ ಹನಿ ಕಡಿಮೆಯಾದಷ್ಟೂ ಹೊಗೆ ಕಡಿಮೆ. ಉಳಿದ ಖಂಡವನ್ನು ಹೆಬ್ಬೆರಳ ದಪ್ಪದ ತುಂಡುಗಳನ್ನಾಗಿ ಮಾಡಬೇಕು. ಬಹಳ ದಪ್ಪನಾದ ತುಂಡು ಒಳಗೆ ಬೇಯುವುದರೊಳಗಾಗಿ ಹೊರಗೆ ಕರಿದಾಗುತ್ತದೆ.

ಎರಡನೆಯದಾಗಿ, ತುಂಡುಗಳನ್ನು ಸುಡುವ ಮುನ್ನ ಬೇಯಿಸಬೇಕು. ಈ ಹೆಜ್ಜೆ ಎಲ್ಲಕ್ಕಿಂತ ಮುಖ್ಯವಾದುದು. ಪಾತ್ರೆಯಲ್ಲಿ ಖಂಡ, ಉಪ್ಪು, ಒಂದು ಚಿಕ್ಕ ಚಮಚ ಅರಿಶಿನ, ಒಂದು ಲೋಟ ನೀರು ಹಾಕಿ, ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬೇಯಿಸಿರಿ. ಬಲಿತ ಕುರಿಯಾದರೆ ಇನ್ನೂ ಸ್ವಲ್ಪ ಹೊತ್ತು ಬೇಕಾದೀತು. ಖಂಡ ಮುಕ್ಕಾಲು ಬೆಂದಾಗ ಅದರ ರಸವೆಲ್ಲ ನೀರಿಗೆ ಇಳಿದಿರುತ್ತದೆ. ಆ ನೀರನ್ನು ಪೂರ್ತಿ ಬಸಿಯಿರಿ. ಕಾವಿನ ಕೆಡುಕಿಗೆ ಬೇಕಾದ ಕ್ರಿಯಾಟಿನ್ ಬಹುಮಟ್ಟಿಗೆ ಆ ರಸದಲ್ಲಿ ಹೊರಟುಹೋಗುತ್ತದೆ. ಬಸಿದ ನೀರು ಹಾನಿಕರವಲ್ಲ, ಏಕೆಂದರೆ ಅದು ಇನ್ನೂ ಹೆಚ್ಚಿನ ಕಾವನ್ನು ಕಂಡಿಲ್ಲ. ಅದನ್ನೇ ಸಾರಿಗೆ ಉಪಯೋಗಿಸಿರಿ.

ಇದು ಊಹೆಯ ಮಾತಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತ್ಯದ ಒಂದು ಪ್ರಯೋಗಾಲಯದಲ್ಲಿ 1994ರಲ್ಲಿ ಕೊಚ್ಚಿದ ಮಾಂಸದ ಬಿಲ್ಲೆಗಳನ್ನು ಎರಡು ಮೂರು ನಿಮಿಷ ಮೈಕ್ರೋವೇವ್ ಒಲೆಯಲ್ಲಿ ಬಿಸಿಮಾಡಿ, ಇಳಿದ ರಸವನ್ನು ಚೆಲ್ಲಿ, ಆಮೇಲೆ ಹುರಿದು ನೋಡಿದರು. ಹಾಗೆ ಮಾಡದೆ ಹುರಿದ ಬಿಲ್ಲೆಗಳಿಗೆ ಹೋಲಿಸಿದರೆ ಕಾವಿನ ಕೆಡುಕು ಹತ್ತರಲ್ಲಿ ಒಂಬತ್ತು ಪಾಲಿನವರೆಗೆ ಇಳಿದಿತ್ತು. ನಮ್ಮ ಒಲೆಯ ಮೇಲಿನ ಪಾತ್ರೆಯಲ್ಲಿ ರಸ ಇಳಿಸುವುದೂ ಅದೇ ತತ್ತ್ವವನ್ನು ಅನುಸರಿಸುತ್ತದೆ.

ಮೂರನೆಯದಾಗಿ, ಬಸಿದ ತುಂಡುಗಳಿಗೆ ಮಸಾಲೆ ಸವರಬೇಕು. ಎರಡು ಲಿಂಬೆಹಣ್ಣಿನ ರಸ, ಒಂದು ಗಡ್ಡೆ ಬೆಳ್ಳುಳ್ಳಿ, ಸ್ವಲ್ಪ ಹಸಿಶುಂಠಿ, ಅರಿಶಿನ, ರುಚಿಗೆ ತಕ್ಕಷ್ಟು ಖಾರದ ಪುಡಿ, ಇವನ್ನು ಅರೆದು ಹಚ್ಚಿ ಅರ್ಧ ಗಂಟೆ ಇಡಿರಿ. ಹುಳಿ, ಬೆಳ್ಳುಳ್ಳಿ, ಅರಿಶಿನ ಸೇರಿದ ಇಂತಹ ಲೇಪನಗಳು ಕಾವಿನ ಕೆಡುಕನ್ನು ತಗ್ಗಿಸುತ್ತವೆಂದು ಪ್ರಯೋಗಗಳಲ್ಲಿ ಕಂಡಿದೆ. ಆದರೆ ಮಸಾಲೆಗೆ ಬೆಲ್ಲವನ್ನಾಗಲಿ ಸಕ್ಕರೆಯನ್ನಾಗಲಿ ಬೆರೆಸಬಾರದು. ಸಿಹಿ ಬೇಗ ಸೀದು ಕರಿದಾಗುತ್ತದೆ. 1997ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಸಕ್ಕರೆ ಸೇರಿದ ಮಸಾಲೆ ಹಚ್ಚಿ ಸುಟ್ಟ ಕೋಳಿಯಲ್ಲಿ ಒಂದು ಬಗೆಯ ಹಾನಿಕರ ಪದಾರ್ಥವು ಬಹಳ ಇಳಿಯಿತಾದರೂ, ಇನ್ನೊಂದು ಬಗೆಯದು ಹೆಚ್ಚು ಹೊತ್ತು ಸುಟ್ಟಾಗ ಏರಿತು. ಎಣ್ಣೆ ಒಂದು ಚಮಚಕ್ಕಿಂತ ಹೆಚ್ಚು ಬೇಡ. ಹೆಚ್ಚಾದುದು ಕೆಂಡಕ್ಕೇ ಬೀಳುತ್ತದೆ.

ನಾಲ್ಕನೆಯದಾಗಿ, ಬೆಂಕಿಯನ್ನು ಸಿದ್ಧಪಡಿಸಬೇಕು. ತೊಗರಿಕಟ್ಟಿಗೆ, ಹತ್ತಿಕಟ್ಟಿಗೆ ಭರ್ರನೆ ಉರಿದು ಹೋಗುತ್ತವೆ. ಅವುಗಳ ಕೆಂಡ ನಿಲ್ಲುವುದಿಲ್ಲ. ಒಣಗಿದ ಜಾಲಿಯಂತಹ ಗಟ್ಟಿ ಕಟ್ಟಿಗೆಯೋ ಇದ್ದಿಲೋ ಉತ್ತಮ. ಹಸಿ ಕಟ್ಟಿಗೆ ಬೇಡ. ಬಣ್ಣ ಹಚ್ಚಿದ ಹಳೆಯ ಹಲಗೆ, ಪ್ಲಾಸ್ಟಿಕ್, ಟೈರಿನ ತುಂಡು, ಸೀಮೆಎಣ್ಣೆ ಇವು ಮಾಂಸ ಸುಡುವ ಬೆಂಕಿಯ ಹತ್ತಿರವೂ ಬರಬಾರದು. ಉರಿ ಪೂರ್ತಿ ಅಡಗಿ, ಕೆಂಡದ ಮೇಲೆ ಬೂದಿಯ ಬಿಳಿ ಪದರ ಕೂರುವವರೆಗೆ ಕಾಯಿರಿ. ಆಮೇಲೆ ಕೆಂಡವನ್ನು ಒಂದು ಪಕ್ಕಕ್ಕೆ ಸರಿಸಿ, ಒಂದು ಗೇಣು ಎತ್ತರದಲ್ಲಿ ಕಬ್ಬಿಣದ ಜಾಳಿಗೆಯನ್ನು ಇಟ್ಟು, ಕೆಂಡವಿಲ್ಲದ ಕಡೆಗೆ ಖಂಡವನ್ನು ಜೋಡಿಸಿರಿ. ಆಗ ಹನಿಯು ಬರಿಯ ನೆಲಕ್ಕೆ ಬೀಳುತ್ತದೆ.

ಕಾವು ಸರಿಯಾಗಿದೆಯೇ ಎಂದು ತಿಳಿಯಲು ಅಂಗೈಯೇ ಅಳತೆ. ಖಂಡ ಇಡುವ ಎತ್ತರದಲ್ಲಿ ಅಂಗೈಯನ್ನು ಹಿಡಿದು ನಿಧಾನವಾಗಿ ಎಣಿಸಿರಿ. ಎರಡು ಎಣಿಸುವುದರೊಳಗೆ ಕೈ ಹಿಂದೆ ತೆಗೆಯಬೇಕಾದರೆ ಕಾವು ಅತಿಯಾಗಿದೆ. ಐದರವರೆಗೆ ಎಣಿಸಲು ಸಾಧ್ಯವಾದರೆ ಖಂಡ ಇಡಬಹುದು.

ಐದನೆಯದಾಗಿ, ನಿಮಿಷಕ್ಕೊಮ್ಮೆ ಮಗುಚಬೇಕು. ಒಂದೇ ಮಗ್ಗುಲಲ್ಲಿ ಬಿಟ್ಟರೆ ಆ ಮೈಯ ಕಾವು ಏರುತ್ತಲೇ ಹೋಗುತ್ತದೆ. ಮಗುಚುತ್ತಿದ್ದರೆ ಯಾವ ಮೈಯೂ ಮಿತಿಮೀರಿ ಕಾಯುವುದಿಲ್ಲ. ಮೊದಲೇ ಬೆಂದ ಖಂಡವಾದುದರಿಂದ ಆರೇಳು ನಿಮಿಷಗಳಲ್ಲಿ ಹೊಂಬಣ್ಣಕ್ಕೆ ಬರುತ್ತದೆ. ಅಲ್ಲಿಗೆ ಇಳಿಸಿಬಿಡಬೇಕು. ಹೊಂಬಣ್ಣ ಕಂದಾಗಿ, ಕಂದು ಕಪ್ಪಾಗುವವರೆಗೆ ಕಾಯಬಾರದು. ಹನಿ ಬಿದ್ದು ಉರಿ ಎದ್ದರೆ ಒಡನೆಯೇ ಖಂಡವನ್ನು ಬದಿಗೆ ಸರಿಸಿರಿ. ಎಲ್ಲಿಯಾದರೂ ಕಪ್ಪಾದ ಅಂಚು ಕಂಡರೆ ಚಾಕುವಿನಿಂದ ಹೆರೆದು ತೆಗೆದು ಬಡಿಸಿರಿ. ಆ ಗರಿಗರಿಯಾದ ಕರಕಲು ಮಕ್ಕಳಿಗೆ ಬಲು ಪ್ರಿಯವಾಗಿರುತ್ತದೆ. ಪ್ರೀತಿಯಿಂದಲೇ ಆದರೂ ಅದನ್ನು ಅವರಿಗೆ ಕೊಡಬೇಡಿರಿ.

ಮೀನಿಗೂ ಇದೇ ಕ್ರಮ ಅನ್ವಯಿಸುತ್ತದೆ. ಆದರೆ ಮೀನು ಬೇಗ ಬೇಯುವುದರಿಂದ ಮೊದಲು ಬೇಯಿಸಬೇಕಾಗಿಲ್ಲ. ಮಸಾಲೆ ಹಚ್ಚಿ, ಬಾಳೆಯ ಎಲೆಯಲ್ಲಿ ಸುತ್ತಿ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಇಟ್ಟರೆ, ಹೊಗೆ ತಾಕದೆ, ಕರಿದಾಗದೆ ತನ್ನ ನೀರಿನಲ್ಲಿಯೇ ಬೇಯುತ್ತದೆ.

ತಲೆಕಾಲಿನ ವಿಷಯ

ತಲೆಕಾಲುಗಳ ಮಾತು ಬೇರೆ. ಇಲ್ಲಿ ಸುಡುವುದು ರುಚಿಗಾಗಿ ಅಲ್ಲ, ಕೂದಲು ತೆಗೆಯುವುದಕ್ಕಾಗಿ. ಉರಿಯಲ್ಲಿ ಹಿಡಿದಾಗ ಕೂದಲು ಸುಟ್ಟು ಚರ್ಮದ ಮೇಲೆ ಕಪ್ಪು ಮಸಿ ಕೂರುತ್ತದೆ. ಅನೇಕರು ಅದನ್ನು ಸ್ವಲ್ಪ ತೊಳೆದು ಹಾಗೆಯೇ ಸಾರಿಗೆ ಹಾಕುತ್ತಾರೆ. ಕುದಿದರೆ ಎಲ್ಲ ಶುದ್ಧವಾಗುವುದೆಂದು ಭಾವಿಸುತ್ತಾರೆ. ಕುದಿಸುವುದರಿಂದ ರೋಗಾಣುಗಳು ಸಾಯುತ್ತವೆ, ನಿಜ. ಆದರೆ ಬೆಂಜೊಪೈರೀನ್ ಕುದಿಯುವ ನೀರಿನಲ್ಲಿ ನಾಶವಾಗುವುದಿಲ್ಲ. ಅದು ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಆದುದರಿಂದ ಮಸಿಯ ಕೆಡುಕು ಸಾರಿನ ಮೇಲೆ ತೇಲುವ ಜಿಡ್ಡಿಗೆ ಸೇರಿ ತಟ್ಟೆಗೆ ಬರುತ್ತದೆ. ಮೂಳೆ ಮುರಿದವರಿಗೂ ಬಾಣಂತಿಗೂ ಬಲ ಬರಲೆಂದು ಕಾಲಿನ ಸಾರು ಕೊಡುವ ಮನೆಗಳು ಇದನ್ನು ವಿಶೇಷವಾಗಿ ಗಮನಿಸಬೇಕು.

ಉತ್ತಮ ಉಪಾಯವೆಂದರೆ ಉರಿಯ ಬದಲು ಬಿಸಿನೀರನ್ನು ಬಳಸುವುದು. ಬಾನಿಯಲ್ಲಿ ಕುದಿಯುವ ನೀರು ಎರಡು ಪಾಲು, ತಣ್ಣೀರು ಒಂದು ಪಾಲು ಬೆರೆಸಿ ಕಾಲುಗಳನ್ನು ಮುಳುಗಿಸಿರಿ. ಆಗಾಗ ಒಂದು ಎಳೆ ಕೂದಲನ್ನು ಎಳೆದು ನೋಡಿರಿ. ಸಲೀಸಾಗಿ ಕಿತ್ತು ಬಂದಾಗ ಹೊರತೆಗೆದು ಮೊಂಡು ಚಾಕುವಿನಿಂದ ಹೆರೆಯಿರಿ. ನೀರು ಕುದಿಯುತ್ತಲೇ ಇರಬಾರದು. ಆಗ ಚರ್ಮ ಬೆಂದು ಬಿಗಿದು ಕೂದಲು ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಕೋಳಿಗಾದರೆ ಕುದಿಯುವ ನೀರು ಮತ್ತು ತಣ್ಣೀರು ಸಮಪಾಲು ಸಾಕು. ಒಂದೆರಡು ನಿಮಿಷ ಅದ್ದಿದರೆ ಪುಕ್ಕ ಬಿಡುತ್ತದೆ. ಕೊನೆಯಲ್ಲಿ ಉಳಿದ ನಯವಾದ ಕೂದಲಿಗೆ ಮಾತ್ರ ಕ್ಷಣಕಾಲ ಉರಿ ತೋರಿಸಿ, ಕಪ್ಪು ಬಣ್ಣ ಹೋಗಿ ಚರ್ಮದ ತಿಳಿ ಬಣ್ಣ ಕಾಣುವವರೆಗೆ ಹೆರೆದು, ಬಿಸಿನೀರಿನಲ್ಲಿ ತಿಕ್ಕಿ ತೊಳೆಯಿರಿ. ತೊಳೆದ ನೀರು ತಿಳಿಯಾಗಿ ಬಂದರೆ ಕೆಲಸ ಮುಗಿಯಿತೆಂದು ತಿಳಿಯಬಹುದು.

ಹೊಗೆಯ ಮುಂದೆ ಕೂರುವವರು

ಮಾಂಸಕ್ಕೆ ಅಂಟುವ ಹೊಗೆಯೇ ಸುಡುವವರ ಎದೆಗೂ ಸೇರುತ್ತದೆ. ಸುಡುವ ಕೆಲಸವನ್ನು ಮನೆಯ ಒಳಗೆ, ಬೆಳಕಿಂಡಿಯಿಲ್ಲದ ಅಡಿಗೆಮನೆಯಲ್ಲಿ ಮಾಡಬಾರದು. ಅಂಗಳದಲ್ಲಿ, ಗಾಳಿ ಬರುವ ದಿಕ್ಕಿಗೆ ಬೆನ್ನುಮಾಡಿ ಕುಳಿತು ಮಾಡಬೇಕು. ಗರ್ಭಿಣಿಯರೂ ಕಂಕುಳ ಕೂಸುಗಳೂ ಅಲ್ಲಿಂದ ದೂರವಿರಲಿ. ಗರ್ಭಿಣಿಯು ದಿನವೂ ಒಲೆಯ ಹೊಗೆ ಸೇವಿಸುತ್ತಿದ್ದರೆ ಹುಟ್ಟುವ ಕೂಸಿನ ತೂಕ ಕಡಿಮೆಯಾಗುವುದು ಅನೇಕ ಅಧ್ಯಯನಗಳಲ್ಲಿ ಕಂಡುಬಂದಿದೆ. ಮನೆಯೊಡತಿ ಬಸುರಿಯಾಗಿದ್ದಾಗ ಕೆಂಡದ ಮುಂದಿನ ಕೆಲಸವನ್ನು ಯಜಮಾನರೇ ವಹಿಸಿಕೊಳ್ಳುವುದು ಯೋಗ್ಯ.

ಕೆಲವು ಪ್ರಶ್ನೆಗಳು

“ನಮ್ಮ ಹಿರಿಯರು ಸುಟ್ಟು ತಿಂದೇ ಬದುಕಲಿಲ್ಲವೇ?” ಎಂದು ಕೇಳುವವರಿದ್ದಾರೆ. ಹಿರಿಯರಿಗೆ ಖಂಡ ಸಿಗುತ್ತಿದ್ದುದು ಜಾತ್ರೆಗೆ, ಹಬ್ಬಕ್ಕೆ, ಬೀಗರು ಬಂದಾಗ. ವರ್ಷಕ್ಕೆ ಎರಡು ಮೂರು ಸಲ ಸುಟ್ಟದ್ದನ್ನು ತಿಂದವರು ಇಂದೂ ಭಯಪಡಬೇಕಾಗಿಲ್ಲ. ಈಗ ಕೋಳಿಯಂಗಡಿ ಹತ್ತಿರ ಬಂದಿದೆ; ವಾರ ವಾರವೂ ಸುಟ್ಟದ್ದನ್ನು ತಿನ್ನುವವರಿದ್ದಾರೆ. ಈ ಎಚ್ಚರಿಕೆ ಮುಖ್ಯವಾಗಿ ಅವರಿಗೆ.

“ಹಾಗಾದರೆ ಸುಟ್ಟ ಮಾಂಸ ತಿಂದವರಿಗೆ ಅರ್ಬುದ ಖಂಡಿತವೇ?” ಇಲ್ಲ. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಮಂಡಲಿಯು ಕುರಿ, ಆಡು, ದನ ಮುಂತಾದವುಗಳ ಕೆಂಪು ಮಾಂಸವನ್ನು ಅರ್ಬುದಕ್ಕೆ ಬಹುಶಃ ಕಾರಣವಾಗುವ ಪದಾರ್ಥಗಳ ಪಟ್ಟಿಗೆ ಸೇರಿಸಿತು. ಅದರ ಮುಖ್ಯ ಸಂಬಂಧ ದೊಡ್ಡಕರುಳಿನ ಅರ್ಬುದದೊಡನೆ. ಆದರೆ ಬೇಯಿಸುವ ವಿಧಾನದಿಂದ ಮನುಷ್ಯರಲ್ಲಿ ಅಪಾಯ ಎಷ್ಟು ಏರಿಳಿಯುತ್ತದೆಂದು ತೀರ್ಮಾನಿಸಲು ಆಧಾರ ಸಾಲದೆಂದೂ ಅದೇ ಮಂಡಲಿ ಹೇಳಿತು. ಬೀಡಿ, ತಂಬಾಕು, ಗುಟ್ಕಾಗಳ ಅಪಾಯ ಇದಕ್ಕಿಂತ ಬಹಳ ದೊಡ್ಡದು. ಸುಟ್ಟ ಖಂಡವನ್ನು ಬಿಟ್ಟು ಬೀಡಿಯನ್ನು ಉಳಿಸಿಕೊಂಡವನು ಸಣ್ಣ ತೂತನ್ನು ಮುಚ್ಚಿ ಬಾಗಿಲನ್ನು ತೆರೆದಿಟ್ಟಂತೆ.

“ರೊಟ್ಟಿಯ ಮೇಲಿನ ಕಪ್ಪು ಚುಕ್ಕೆಯೂ, ಸುಟ್ಟ ಬದನೆಕಾಯಿಯೂ ಹೀಗೆಯೇ?” ಅಲ್ಲ. ಜೋಳದಲ್ಲಿಯೂ ಬದನೆಯಲ್ಲಿಯೂ ಕ್ರಿಯಾಟಿನ್ ಇಲ್ಲ. ಬೆಂಕಿಗೆ ಬೀಳುವ ಕೊಬ್ಬೂ ಇಲ್ಲ. ರೊಟ್ಟಿ ತೀರ ಸೀದ ಕಡೆ ಹೆರೆದುಹಾಕಿ, ಬದನೆಯ ಸುಟ್ಟ ಸಿಪ್ಪೆಯನ್ನು ತೆಗೆದು ತಿಂದರೆ ಸಾಕು.

ಕೊನೆಯದಾಗಿ ಒಂದು ಎಚ್ಚರಿಕೆ. ಕರಕಲಿಗೆ ಹೆದರಿ ಮಾಂಸವನ್ನು ಅರೆಬರೆ ಬೇಯಿಸಿ ತಿನ್ನಬಾರದು. ಹಸಿ ಮಾಂಸದಿಂದ ಬರುವ ವಾಂತಿಭೇದಿ ಮತ್ತು ಹುಳುಗಳ ಬಾಧೆ ಈ ವಾರವೇ ಕಾಣುವ ಅಥವಾ ಮೈಯಲ್ಲಿ ಬೆಳೆಯುವ ಅಪಾಯ. ತುಂಡನ್ನು ಮುರಿದಾಗ ನಡುವೆ ಕೆಂಪು ಉಳಿದಿರಬಾರದು, ಒಸರುವ ರಸ ತಿಳಿಯಾಗಿರಬೇಕು. ಮೊದಲು ಬೇಯಿಸಿ ಆಮೇಲೆ ಸುಡುವ ಕ್ರಮದಲ್ಲಿ ಈ ಎರಡು ಅಪಾಯಗಳೂ ಒಟ್ಟಿಗೆ ತಪ್ಪುತ್ತವೆ. ಒಳಗೆ ಪೂರ್ತಿ ಬೆಂದಿರುತ್ತದೆ, ಹೊರಗೆ ಕರಿದಾಗಿರುವುದಿಲ್ಲ.

ಕೊಬ್ಬು ತೆಗೆಯುವುದು, ಮೊದಲು ಬೇಯಿಸಿ ರಸ ಬಸಿಯುವುದು, ಬೂದಿ ಮುಚ್ಚಿದ ಕೆಂಡದಿಂದ ದೂರವಿಟ್ಟು ನಿಮಿಷಕ್ಕೊಮ್ಮೆ ಮಗುಚುವುದು, ಕಪ್ಪಾದುದನ್ನು ಹೆರೆದುಹಾಕುವುದು, ಈ ನಾಲ್ಕು ನೆನಪಿನಲ್ಲಿರಲಿ. ಮುಂದಿನ ಸಲ ಮನೆಯಲ್ಲಿ ಖಂಡ ತಂದ ದಿನ ಗಂಡಹೆಂಡಿರು ಕೂಡಿಯೇ ಇದನ್ನು ಮಾಡಿ ನೋಡಿರಿ.